13ರ ಹುಡುಗ ಎಲ್ಲದರಲ್ಲೂ ಫಸ್ಟ್ ಬರ್ತಿದ್ದಾನೆ, ಈಗಲೇ ಒಂದೇ ಆಟಕ್ಕೆ ಹಾಕಬೇಕಾ?

ಮೈದಾನದ ಮೇಷ್ಟ್ರು

ಹಳ್ಳಿ ಶಾಲೆ, ಆರರಿಂದ ಹತ್ತನೇ ತರಗತಿವರೆಗೆ. ದೈಹಿಕ ಶಿಕ್ಷಕ ನಾನೊಬ್ಬನೇ. ಮಣ್ಣಿನ ಮೈದಾನ, ಉದ್ದಜಿಗಿತಕ್ಕೆ ಒಂದು ಮರಳಿನ ಗುಂಡಿ, ಒಂದು ವಾಲಿಬಾಲ್ ಕೋರ್ಟು, ಇಷ್ಟೇ ಇರೋದು.

ಒಬ್ಬ ಹುಡುಗ ಇದ್ದಾನೆ, ಇಲ್ಲಿ ದೊಡ್ಡವ ಅಂತ ಕರೀತೀನಿ. ವಯಸ್ಸು 13 ವರ್ಷ 2 ತಿಂಗಳು. 100 ಮೀ, 200 ಮೀ, ಗುಂಡು ಎಸೆತ, ಉದ್ದಜಿಗಿತ, ಎಲ್ಲದರಲ್ಲೂ ಅವನೇ ಮೊದಲು, ಅದೂ ಭಾರೀ ಅಂತರದಿಂದ. ಕ್ರೀಡಾಕೂಟದಲ್ಲಿ ಹೊರಗಿನ ಕೋಚ್ ಒಬ್ಬರು ನೋಡಿ, "ಇವನನ್ನ ನನಗೆ ಬಿಡಿ, 400 ಮೀಟರ್‌ಗೆ ತಯಾರು ಮಾಡ್ತೀನಿ, ವಾಲಿಬಾಲ್ ಗೀಲಿಬಾಲ್ ಎಲ್ಲ ಬಿಡಿಸಿ" ಅಂದರು. ವಾರಕ್ಕೆ ಆರು ದಿನ ಅಭ್ಯಾಸ. ಮುಖ್ಯೋಪಾಧ್ಯಾಯರಿಗೆ ಖುಷಿಯೋ ಖುಷಿ.

ಅದೇ ತರಗತಿಯಲ್ಲಿ ಇನ್ನೊಬ್ಬ, ಚಿಕ್ಕವ. 12 ವರ್ಷ 4 ತಿಂಗಳು, ಪೀಚಲು ದೇಹ. ಓಟದಲ್ಲಿ ನಾಲ್ಕನೆಯವನೋ ಐದನೆಯವನೋ ಬರ್ತಾನೆ, ಯಾರೂ ತಿರುಗಿ ನೋಡಲ್ಲ. ಆದರೆ ಹೋದ ತಿಂಗಳು ಬಿದಿರು ಕಡ್ಡಿ ಇಟ್ಟು ಹರ್ಡಲ್ಸ್ ಹೇಳಿಕೊಟ್ಟಾಗ, ಎರಡು ಕಡ್ಡಿ ನಡುವೆ ಮೂರು ಹೆಜ್ಜೆ ಅನ್ನೋದನ್ನ ಎರಡನೇ ದಿನದ ಅಭ್ಯಾಸದಲ್ಲೇ ಹಿಡಿದುಬಿಟ್ಟ. ದೊಡ್ಡವ ಇವತ್ತಿಗೂ ಕಡ್ಡಿ ಹತ್ತಿರ ಬಂದಾಗ ಹೆಜ್ಜೆ ತಡವರಿಸ್ತಾನೆ.

ನನ್ನ ಪ್ರಶ್ನೆ ಎರಡು. ದೊಡ್ಡವನನ್ನ ಈಗಲೇ ಒಂದೇ ಓಟಕ್ಕೆ ಒಪ್ಪಿಸೋದು ಸರಿಯಾ? ನನ್ನ ಕೈಲಿರೋ ಸ್ವಲ್ಪ ಸಮಯವನ್ನ ಯಾರ ಮೇಲೆ ಹಾಕಬೇಕು ಅಂತ ಹೇಗೆ ತೀರ್ಮಾನಿಸೋದು?

ನೇರ ಮಾತು

ಇದರಲ್ಲಿ ಯೋಚನೆ ಮಾಡೋದೇನಿದೆ ಮೇಷ್ಟ್ರೇ? ಪ್ರತಿಭೆ ಇರೋನು ಚಿಕ್ಕಂದಿನಲ್ಲೇ ಗೊತ್ತಾಗ್ತಾನೆ. ಉಸೇನ್ ಬೋಲ್ಟ್ 2002ರಲ್ಲಿ ವಿಶ್ವ ಜೂನಿಯರ್ 200 ಮೀಟರ್ ಗೆದ್ದಾಗ ವಯಸ್ಸು ಬರೀ 15. ಬೇಗ ಶುರು ಮಾಡಿದಷ್ಟೂ ಅಭ್ಯಾಸದ ಗಂಟೆ ಜಾಸ್ತಿ ಸೇರುತ್ತೆ. ಕೋಚ್ ತಾವಾಗೇ ಮನೆ ಬಾಗಿಲಿಗೆ ಬಂದಿದ್ದಾರೆ, ಕಳಿಸಿಕೊಡಿ. ಚಿಕ್ಕವನ ಬಗ್ಗೆ ಪಾಪ ಅನಿಸಬಹುದು, ಆದರೆ ಕರುಣೆಯಿಂದ ಪದಕ ಬರಲ್ಲ.

ಟ್ರ್ಯಾಕ್ ಮೇಡಂ

ಮೇಷ್ಟ್ರೇ, ಉತ್ತರ ಹೇಳೋ ಮುಂಚೆ ಒಂದಿಷ್ಟು ಅಂಕಿ ಬೇಕು. ಇಬ್ಬರ ಈಗಿನ ಎತ್ತರ ಎಷ್ಟು? ಹೋದ ವರ್ಷ, ಅದರ ಹಿಂದಿನ ವರ್ಷದ ಎತ್ತರ ಶಾಲೆಯ ಆರೋಗ್ಯ ತಪಾಸಣೆ ರಿಜಿಸ್ಟರ್‌ನಲ್ಲಿ ಸಿಗುತ್ತಾ? ಅಪ್ಪ ಅಮ್ಮನ ಎತ್ತರ ಎಷ್ಟು? ಇವು ಗೊತ್ತಿಲ್ಲದೆ ಓಟದ ಸಮಯ ನೋಡಿ ಏನನ್ನೂ ಹೇಳೋಕಾಗಲ್ಲ.

ಹೊಸಬ

ನನ್ನ ಮಗನಿಗೆ 7 ವರ್ಷ, ತುಂಬಾ ಚುರುಕು. ಯಾವ ಆಟಕ್ಕೆ ಹಾಕಿದರೆ ಬೇಗ ಮೇಲೆ ಬರ್ತಾನೆ ಅಂತ ತಿಳಿಯೋಕೆ ಏನಾದರೂ ಟೆಸ್ಟ್ ಇದೆಯಾ? ಪ್ರೋಟೀನ್ ಪುಡಿ ಈಗಲೇ ಕೊಡಬಹುದಾ?

ಟ್ರ್ಯಾಕ್ ಮೇಡಂ

ಹೊಸಬ ಅವರೇ, ಇಲ್ಲಿ ನಡೀತಿರೋ ಪ್ರಶ್ನೆ ಬೇರೆ. ಆದರೂ ಹೇಳ್ತೀನಿ: 7 ವರ್ಷಕ್ಕೆ ಅಂಥ ಟೆಸ್ಟ್ ಇಲ್ಲ, ಪುಡಿಯೂ ಬೇಡ. ಓಡಲಿ, ಹತ್ತಲಿ, ಚೆಂಡು ಹಿಡೀಲಿ, ಈಜು ಕಲಿಸೋ ಅವಕಾಶ ಇದ್ದರೆ ಕಲಿಸಿ.

ಮೈದಾನದ ಮೇಷ್ಟ್ರು

ಮೇಡಂ, ರಿಜಿಸ್ಟರ್ ಹುಡುಕಿ ತೆಗೆದೆ.

ದೊಡ್ಡವ: ಎರಡು ವರ್ಷದ ಹಿಂದೆ 148 ಸೆಂ.ಮೀ, ಹೋದ ವರ್ಷ 157.5, ಈಗ 164. ಅಪ್ಪ 172, ಅಮ್ಮ 158.

ಚಿಕ್ಕವ: ಎರಡು ವರ್ಷದ ಹಿಂದೆ 132.5, ಹೋದ ವರ್ಷ 137.5, ಈಗ 142. ಅಪ್ಪ 170, ಅಮ್ಮ 157.

ಅಪ್ಪ ಅಮ್ಮಂದಿರನ್ನ ಸಭೆಗೆ ಬಂದಾಗ ಗೋಡೆಗೆ ನಿಲ್ಲಿಸಿ ಅಳೆದದ್ದು, ಬಾಯಿಮಾತಿನ ಲೆಕ್ಕ ಅಲ್ಲ.

ಟ್ರ್ಯಾಕ್ ಮೇಡಂ

ಅಳೆದು ಹಾಕಿದ್ದು ಒಳ್ಳೇದಾಯ್ತು. ಈಗ ನೋಡಿ.

ಹುಡುಗರ ವಿಷಯದಲ್ಲಿ ಅಪ್ಪ ಅಮ್ಮನ ಎತ್ತರ ಕೂಡಿಸಿ, 13 ಸೇರಿಸಿ, ಅರ್ಧ ಮಾಡಿದರೆ ಮುಂದೆ ಎಷ್ಟು ಬೆಳೀಬಹುದು ಅನ್ನೋ ಒಂದು ಒರಟು ಅಂದಾಜು ಸಿಗುತ್ತೆ. ಹುಡುಗಿಯರಿಗಾದರೆ 13 ಕಳೀಬೇಕು. ದೊಡ್ಡವನಿಗೆ 171.5 ಬರುತ್ತೆ. ಈಗಲೇ 164 ಇದ್ದಾನೆ, ಅಂದರೆ ತನ್ನ ಪೂರ್ತಿ ಎತ್ತರದಲ್ಲಿ ನೂರಕ್ಕೆ ಸುಮಾರು 95-96 ಪಾಲು ಮುಟ್ಟಿಬಿಟ್ಟಿದ್ದಾನೆ. ಚಿಕ್ಕವನಿಗೆ ಅಂದಾಜು 170, ಈಗಿರೋದು 142. ಇವನು ಇನ್ನೂ 83-84ರಲ್ಲಿದ್ದಾನೆ.

ವರ್ಷದ ಬೆಳವಣಿಗೆಯೂ ಇದನ್ನೇ ಹೇಳ್ತಿದೆ. ದೊಡ್ಡವ ಒಂದು ವರ್ಷ 9.5 ಸೆಂ.ಮೀ ಬೆಳೆದ, ಮುಂದಿನ ವರ್ಷ 6.5. ಅಂದರೆ ಹುಡುಗರು ಸರ್ರನೆ ಎತ್ತರ ಆಗೋ ಆ ಕಾಲ ಅವನಿಗೆ 12 ತುಂಬೋ ಹೊತ್ತಿಗೇ ಬಂದು, ಈಗ ಇಳಿಮುಖವಾಗಿದೆ. ಸಾಮಾನ್ಯವಾಗಿ ಹುಡುಗರಿಗೆ ಅದು 14ರ ಆಸುಪಾಸು, ಹುಡುಗಿಯರಿಗೆ 12ರ ಆಸುಪಾಸು. ಚಿಕ್ಕವ ವರ್ಷಕ್ಕೆ ಐದು, ನಾಲ್ಕೂವರೆ ಅಂತ ಬೆಳೀತಿದ್ದಾನೆ. ಅದು ಆ ಜಿಗಿತಕ್ಕೆ ಮುಂಚಿನ ಮಕ್ಕಳ ಬೆಳವಣಿಗೆ. ಅವನಿಗೆ ಅದು ಇನ್ನೂ ಶುರುವೇ ಆಗಿಲ್ಲ.

ಹಾಗಾಗಿ ಇವರಿಬ್ಬರನ್ನ ಒಂದೇ ಗೆರೆಯಲ್ಲಿ ನಿಲ್ಲಿಸಿ ಓಡಿಸಿದರೆ, ಹೆಚ್ಚುಕಡಿಮೆ ಗಂಡಸಿನ ಮೈಕಟ್ಟು ಬಂದವನ ಪಕ್ಕ ಒಂದು ಮಗುವನ್ನ ನಿಲ್ಲಿಸಿದ ಹಾಗೆ. ಮೀಸೆ ಚಿಗುರೋ ಹೊತ್ತಲ್ಲಿ ಹುಡುಗರಿಗೆ ಸ್ನಾಯು ತುಂಬುತ್ತೆ, ಗುಂಡು ದೂರ ಹೋಗುತ್ತೆ, 200 ಮೀ ಸಲೀಸಾಗುತ್ತೆ. ದೊಡ್ಡವನಿಗೆ ಪ್ರತಿಭೆ ಇಲ್ಲ ಅಂತ ನಾನು ಹೇಳ್ತಿಲ್ಲ. ಇರಬಹುದು. ಆದರೆ ಈಗಿನ ಗೆಲುವಿನಲ್ಲಿ ಎಷ್ಟು ಪಾಲು ಪ್ರತಿಭೆಯದು, ಎಷ್ಟು ಪಾಲು ಬೇಗ ಬೆಳೆದ ಮೈಯದು ಅಂತ ಬಿಡಿಸಿ ಹೇಳೋಕೆ ಈ ವರ್ಷ ಆಗಲ್ಲ. ಉಳಿದ ಹುಡುಗರು 15-16ಕ್ಕೆ ಅವನ ಎತ್ತರಕ್ಕೆ ಬರ್ತಾರೆ, ಆಗ ಗೊತ್ತಾಗುತ್ತೆ.

ಲೆಕ್ಕದ ಟೀಚರ್

ಒಂದು ಎಚ್ಚರಿಕೆ. ಅಪ್ಪ ಅಮ್ಮನ ಎತ್ತರದಿಂದ ಬರೋ ಅಂದಾಜು ಎಂಟು ಸೆಂಟಿಮೀಟರ್ ಆಚೀಚೆ ಹೋಗಬಹುದು. ದೊಡ್ಡವ 178 ಆಗ್ತಾನೆ ಅಂದುಕೊಂಡರೆ ಈಗ 92ರಲ್ಲಿದ್ದಾನೆ ಅಂತಾಯ್ತು, ಕಥೆ ಸ್ವಲ್ಪ ಬದಲಾಗುತ್ತೆ.

ಇನ್ನೊಂದು, ಮೂರು ತಿಂಗಳಿಗೊಮ್ಮೆ ಅಳೆದು "ಈ ಸಲ ಇಷ್ಟು ಬೆಳೆದ" ಅಂತ ವರ್ಷದ ಲೆಕ್ಕಕ್ಕೆ ತಿರುಗಿಸೋರು ಇರ್ತಾರೆ. ಅಳತೆಯಲ್ಲಿ ಅರ್ಧ ಸೆಂಟಿಮೀಟರ್ ತಪ್ಪಾದರೂ ನಾಲ್ಕರಿಂದ ಗುಣಿಸಿದಾಗ ಎರಡು ಸೆಂಟಿಮೀಟರ್ ತಪ್ಪಾಗುತ್ತೆ. ಐದು ಬೆಳೀತಿರೋ ಹುಡುಗ ಏಳು ಬೆಳೀತಿದ್ದಾನೆ ಅನ್ನಿಸಿಬಿಡುತ್ತೆ. ಅಳೆಯೋದು ಮೂರು ತಿಂಗಳಿಗೊಮ್ಮೆ ಇರಲಿ, ತೀರ್ಮಾನ ಮಾತ್ರ ಆರು ತಿಂಗಳ ವ್ಯತ್ಯಾಸದ ಮೇಲೆ ಮಾಡಿ.

ಟ್ರ್ಯಾಕ್ ಮೇಡಂ

ಒಪ್ಪಿದೆ ಟೀಚರ್. ಅಂದಾಜಿನ ಅಂಕಿಗಿಂತ ವರ್ಷ ವರ್ಷದ ಬೆಳವಣಿಗೆಯನ್ನೇ ನಾನು ಜಾಸ್ತಿ ನಂಬ್ತೀನಿ. ಇಲ್ಲಿ ಎರಡೂ ಒಂದೇ ಕಡೆ ಕೈ ತೋರಿಸ್ತಿರೋದರಿಂದ ಅಷ್ಟು ಧೈರ್ಯವಾಗಿ ಹೇಳಿದೆ.

ನೇರ ಮಾತು

ಹಾಗಾದರೆ ಎತ್ತರ ಅಳೆಯೋ ಟೇಪ್ ಒಂದಿದ್ದರೆ ಸಾಕು, ಕೋಚ್‌ಗಳೆಲ್ಲ ಮನೆಗೆ ಹೋಗಬಹುದು ಅನ್ನಿ! ಬೋಲ್ಟ್ ವಿಷಯಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಟ್ರ್ಯಾಕ್ ಮೇಡಂ

ಬೋಲ್ಟ್ ಓಟಕ್ಕೆ ಬರೋ ಮುಂಚೆ ಶಾಲೆಯಲ್ಲಿ ಕ್ರಿಕೆಟ್ ಆಡ್ತಿದ್ದ ಹುಡುಗ. ಅವನ ವೇಗ ನೋಡಿ ಟ್ರ್ಯಾಕ್ ಕಡೆ ತಿರುಗಿಸಿದ್ದೇ ಕ್ರಿಕೆಟ್ ಕೋಚ್. ಸರಿಯಾಗಿ ನೋಡಿದರೆ ಅದು ನನ್ನ ವಾದಕ್ಕೇ ಸೇರುತ್ತೆ. ಆದರೂ ಒಬ್ಬ ಬೋಲ್ಟ್‌ನಿಂದ ಯಾವ ಕಡೆಗೂ ಏನೂ ಸಾಬೀತಾಗಲ್ಲ, ಅದನ್ನ ಬಿಡೋಣ.

ಬ್ರಿಟನ್ನಿನ ಟ್ರ್ಯಾಕ್ ರ‍್ಯಾಂಕಿಂಗ್ ಪಟ್ಟಿಗಳನ್ನ ಇಟ್ಟುಕೊಂಡು 2018ರಲ್ಲಿ ಒಂದು ಅಧ್ಯಯನ ಬಂತು. 13ರ ಒಳಗಿನವರ ವಿಭಾಗದಲ್ಲಿ ದೇಶದ ಮೊದಲ 20ರಲ್ಲಿದ್ದ ಮಕ್ಕಳಲ್ಲಿ, 20ರ ಒಳಗಿನವರ ವಿಭಾಗಕ್ಕೆ ಬಂದಾಗಲೂ ಮೊದಲ 20ರಲ್ಲಿ ಉಳಿದವರು ಹತ್ತರಲ್ಲಿ ಒಬ್ಬರ ಆಸುಪಾಸು. ಉಳಿದ ಜಾಗ ತುಂಬಿದ್ದು ಆಗ ಪಟ್ಟಿಯಲ್ಲಿ ಕಾಣದಿದ್ದ ಮಕ್ಕಳು. 2022ರಲ್ಲಿ ಬೇರೆ ಬೇರೆ ಆಟಗಳ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದಾಗ ಇನ್ನೂ ವಿಚಿತ್ರ ಕಂಡಿತು. ಜೂನಿಯರ್ ಮಟ್ಟದಲ್ಲಿ ಮೇಲೆ ಬಂದವರು ತಮ್ಮ ಆಟವನ್ನ ಬೇಗ ಶುರು ಮಾಡಿ ಅದನ್ನೇ ಜಾಸ್ತಿ ಆಡಿದವರು. ದೊಡ್ಡವರಾದ ಮೇಲೆ ವಿಶ್ವಮಟ್ಟ ಮುಟ್ಟಿದವರು ಮಾತ್ರ ತಡವಾಗಿ ಶುರು ಮಾಡಿ, ಚಿಕ್ಕಂದಿನಲ್ಲಿ ಬೇರೆ ಆಟಗಳನ್ನೂ ಆಡಿ, ಮೊದಮೊದಲು ನಿಧಾನಕ್ಕೆ ಮೇಲೇರಿದವರು. ಬೇಗ ಒಂದೇ ಆಟಕ್ಕೆ ಹಾಕಿದರೆ ಬೇಗ ಪದಕ ಬರುತ್ತೆ ಅನ್ನೋದು ಸುಳ್ಳಲ್ಲ. ಆ ಪದಕ ಯಾವ ವಯಸ್ಸಿನದ್ದು ಅನ್ನೋದು ಪ್ರಶ್ನೆ.

ಒಂದು ವಿಷಯದಲ್ಲಿ ನಿಮ್ಮ ಮಾತು ನಿಲ್ಲುತ್ತೆ. ಜಿಮ್ನಾಸ್ಟಿಕ್ಸ್, ಡೈವಿಂಗ್, ಫಿಗರ್ ಸ್ಕೇಟಿಂಗ್ ತರದ ಆಟಗಳಲ್ಲಿ ಮೈ ಪೂರ್ತಿ ಬೆಳೆಯೋ ಮುಂಚೆಯೇ ಕಷ್ಟದ ಕೌಶಲಗಳನ್ನ ಕಲಿಯಬೇಕಾಗುತ್ತೆ, ಅಲ್ಲಿ ಬೇಗ ಶುರು ಮಾಡ್ತಾರೆ. 400 ಮೀಟರ್ ಆ ಪಟ್ಟಿಯಲ್ಲಿಲ್ಲ. ಉಸಿರು ಕಟ್ಟಿ, ಕಾಲು ಕಬ್ಬಿಣವಾಗೋ ತನಕ ಮತ್ತೆ ಮತ್ತೆ ಓಡಿಸೋ ಅಭ್ಯಾಸದಿಂದ 13ರ ಹುಡುಗನ ಸಮಯ ಒಂದೇ ಸೀಸನ್‌ನಲ್ಲಿ ಚೆನ್ನಾಗಿ ಇಳಿಯುತ್ತೆ, ಅದು ಎಲ್ಲರಿಗೂ ಕಾಣುತ್ತೆ. ಅದನ್ನ 17ಕ್ಕೆ ಶುರು ಮಾಡಿದರೂ ಅದರ ಲಾಭ ಸಿಗುತ್ತೆ. ಹರ್ಡಲ್ಸ್‌ನ ಲಯ, ಓಟದ ಭಂಗಿ, ಜಿಗಿಯುವಾಗ ಪಾದ ಊರೋ ರೀತಿ, ಇವನ್ನ 17ಕ್ಕೆ ಮುಂದೂಡಿದರೆ ಕೂಡಿಸೋದು ಕಷ್ಟ.

ಸ್ಪೈಕ್ಸ್ ಬಿಚ್ಚಿಟ್ಟವ

ಎಲ್ಲ ಓದಿದೆ. ಲೆಕ್ಕವೆಲ್ಲ ಸರಿ ಇರಬಹುದು ಮೇಡಂ, ಆದರೆ ಬೇರೆ ಕಡೆಯಿಂದಲೂ ನೋಡಿ. ನಾನೂ 12ಕ್ಕೆ ಹಾಸ್ಟೆಲ್ ಸೇರಿದವನು, ನಡು ದೂರದ ಓಟ. ಹದಿನೆಂಟಕ್ಕೆ ಮೊಣಕಾಲ ಕೆಳಗಿನ ಮೂಳೆಯಲ್ಲಿ ಬಿರುಕು ಬಂತು. ವಾಸಿಯಾಗಿ ಬಂದರೆ ಮತ್ತೆ ಅದೇ ಜಾಗದಲ್ಲಿ. ಅಲ್ಲಿಗೆ ಓಟ ಮುಗೀತು. ಬೇಸರ ಇದೆ.

ಆದರೆ ಆ ಹಾಸ್ಟೆಲ್ ಇಲ್ಲದಿದ್ದರೆ ನಾನು ಏಳನೇ ತರಗತಿಗೇ ಶಾಲೆ ಬಿಟ್ಟು ಕೂಲಿಗೆ ಹೋಗ್ತಿದ್ದೆ. ಮೂರು ಹೊತ್ತು ಊಟ ಸಿಕ್ಕಿತು, ಡಿಗ್ರಿ ಆಯ್ತು, ಕ್ರೀಡಾ ಕೋಟಾದಲ್ಲಿ ಕೆಲಸ ಸಿಕ್ಕಿತು. "ಮಗು ಹಲವು ಆಟ ಆಡಲಿ, 16ಕ್ಕೆ ನೋಡೋಣ" ಅನ್ನೋದು ಅಲ್ಲಿವರೆಗೆ ಕಾಯೋ ಶಕ್ತಿ ಇರೋ ಮನೆಯವರ ಮಾತು. ದೊಡ್ಡವನ ಮನೆ ಪರಿಸ್ಥಿತಿ ಏನು ಮೇಷ್ಟ್ರೇ?

ಮೈದಾನದ ಮೇಷ್ಟ್ರು

ಕಷ್ಟವೇ ಇದೆ ಸರ್. ಅದಕ್ಕೇ ನನಗೂ "ಬೇಡ" ಅಂತ ಬಾಯಿ ಬರ್ತಿಲ್ಲ.

ಟ್ರ್ಯಾಕ್ ಮೇಡಂ

ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ ಸರ್. ಊಟ, ಓದು, ವಸತಿ ಸಿಗುತ್ತೆ ಅಂದರೆ ಅದನ್ನ ತಳ್ಳಿಹಾಕೋಕೆ ನಾನ್ಯಾರು? ಆದರೆ ಮೇಷ್ಟ್ರು ಹೇಳಿದ ಪ್ರಕಾರ ಈ ಕೋಚ್ ಹಾಸ್ಟೆಲ್ ಕೊಡ್ತಿಲ್ಲ, ಬರೀ ಅಭ್ಯಾಸ ಕೊಡ್ತಿದ್ದಾರೆ. ಅದು ಬೇರೆ ವ್ಯವಹಾರ.

ಇಬ್ಬರ ಅಮ್ಮ

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನನ್ನ ಮಗಳಿಗೆ 12. ವಾಲಿಬಾಲ್ ಆಡ್ತಾಳೆ, ಈಗ ಓಟಕ್ಕೂ ಸೇರಿಸಿದ್ದಾರೆ. ಮೊಣಕಾಲ ಚಿಪ್ಪಿನ ಕೆಳಗೆ ಒಂದು ಗಂಟು ಎದ್ದಿದೆ, ಮುಟ್ಟಿದರೆ ಅಯ್ಯೋ ಅಂತಾಳೆ, ಮೆಟ್ಟಿಲು ಇಳಿಯೋವಾಗ ನೋವು. ಕೋಚ್ "ಬೆಳೆಯೋ ನೋವು, ಹೋಗುತ್ತೆ" ಅಂತಾರೆ. ಬಿಡಿಸಲಾ?

ಫಿಸಿಯೋ

ಅಮ್ಮಾ, ನೋಡದೆ ಖಚಿತವಾಗಿ ಹೇಳೋಕಾಗಲ್ಲ, ಆದರೆ ನೀವು ಹೇಳ್ತಿರೋ ಜಾಗ ಮತ್ತು ವಯಸ್ಸು ಕೇಳಿದರೆ ಆಸ್ಗುಡ್-ಶ್ಲಾಟರ್ ಇರಬಹುದು. ತೊಡೆಯ ಮುಂದಿನ ದೊಡ್ಡ ಸ್ನಾಯು, ಚಿಪ್ಪಿನ ಮೂಲಕ ಬಂದು, ಮೊಣಕಾಲ ಕೆಳಗೆ ಮೂಳೆಯ ಒಂದು ಉಬ್ಬಿಗೆ ಅಂಟಿಕೊಂಡಿರುತ್ತೆ. ಈ ವಯಸ್ಸಲ್ಲಿ ಆ ಉಬ್ಬು ಪೂರ್ತಿ ಗಟ್ಟಿ ಮೂಳೆಯಾಗಿರಲ್ಲ. ಎತ್ತರ ಸರ್ರನೆ ಏರೋ ಕಾಲದಲ್ಲಿ ಜಿಗಿತ, ಓಟ ಎರಡೂ ಸೇರಿದರೆ ಅಲ್ಲಿ ಎಳೆತ ಜಾಸ್ತಿಯಾಗಿ ನೋವು ಬರುತ್ತೆ. ಹಿಮ್ಮಡಿಯಲ್ಲೂ ಇದೇ ತರದ ನೋವು ಬರೋದುಂಟು, ಅದು ಸಾಮಾನ್ಯವಾಗಿ ಇನ್ನೂ ಚಿಕ್ಕ ಮಕ್ಕಳಲ್ಲಿ.

ಬೆಳವಣಿಗೆಗೆ ಸಂಬಂಧಪಟ್ಟದ್ದು ಅನ್ನೋದು ನಿಜ. ಹಾಗಂತ ನೋವಿನ ಮೇಲೆ ಆಡಿಸೋದು ಸರಿಯಲ್ಲ. ಪೂರ್ತಿ ಬಿಡಿಸಬೇಕಾಗಿಲ್ಲ. ಜಿಗಿತ, ಇಳಿಜಾರಿನ ಓಟ ಕಡಿಮೆ ಮಾಡಿ. ಆಟದ ಹೊತ್ತಲ್ಲಿ ಸ್ವಲ್ಪ ನೋವಿದ್ದು ಮಾರನೇ ಬೆಳಿಗ್ಗೆಗೆ ಇಳಿದರೆ ಆ ಮಟ್ಟ ಪರವಾಗಿಲ್ಲ, ಬೆಳಿಗ್ಗೆಯೂ ಕುಂಟಿದರೆ ಹಿಂದಿನ ದಿನ ಜಾಸ್ತಿಯಾಯ್ತು ಅಂತ ಅರ್ಥ. ರಾತ್ರಿ ನಿದ್ದೆಯಿಂದ ಎಬ್ಬಿಸೋ ನೋವು, ಊತ, ಜ್ವರ, ಅಥವಾ ತೊಡೆ ಸಂದು ನೋಯ್ತಾ ಕುಂಟೋದು, ಇವುಗಳಲ್ಲಿ ಯಾವುದು ಕಂಡರೂ ಕಾಯಬೇಡಿ, ಡಾಕ್ಟರ ಹತ್ತಿರ ಕರಕೊಂಡು ಹೋಗಿ. ತೊಡೆ ಸಂದಿನ ತೊಂದರೆ ಕೆಲವು ಸಲ ಮೊಣಕಾಲ ನೋವಾಗಿ ಕಾಣಿಸಿಕೊಳ್ಳುತ್ತೆ, ಹಾಗಾಗಿ ಮೊಣಕಾಲು ಅಂತ ಅಷ್ಟಕ್ಕೇ ನಿಲ್ಲಿಸಬೇಡಿ.

ಇಬ್ಬರ ಅಮ್ಮ

ಬೆಳಿಗ್ಗೆ ಕುಂಟ್ತಾಳೆ. ಸೋಮವಾರ ತೋರಿಸ್ತೀನಿ. ಥ್ಯಾಂಕ್ಸ್.

ಮೈದಾನದ ಮೇಷ್ಟ್ರು

ಫಿಸಿಯೋ ಅವರ ಮಾತು ಕೇಳಿ ಇನ್ನೊಂದು ಪ್ರಶ್ನೆ. ಎಷ್ಟು ಅಂದರೆ ಜಾಸ್ತಿ? ವಾರಕ್ಕೆ ಎಷ್ಟು ಗಂಟೆ ಅಂತ ಏನಾದರೂ ಮಿತಿ ಇದೆಯಾ?

ಫಿಸಿಯೋ

ಮಕ್ಕಳ ಆಟದ ಗಾಯಗಳನ್ನ ಹಿಂಬಾಲಿಸಿದ ಅಧ್ಯಯನಗಳಿಂದ ಬಂದ ಒಂದು ಅಳತೆ ಇದೆ. ವಾರದಲ್ಲಿ ವ್ಯವಸ್ಥಿತ ಅಭ್ಯಾಸ ಮತ್ತು ಪಂದ್ಯದ ಗಂಟೆಗಳು ಮಗುವಿನ ವಯಸ್ಸನ್ನ ದಾಟಬಾರದು. ಜೊತೆಗೆ, ದೊಡ್ಡವರು ನಡೆಸೋ ಅಭ್ಯಾಸದ ಗಂಟೆ, ಮಕ್ಕಳು ತಾವೇ ಆಡಿಕೊಳ್ಳೋ ಗಂಟೆಯ ಎರಡು ಪಟ್ಟು ಮೀರಬಾರದು. ದಾಟಿದ ತಕ್ಷಣ ಗಾಯ ಆಗುತ್ತೆ ಅಂತಲ್ಲ, ಅಪಾಯ ಏರುತ್ತೆ.

ದೊಡ್ಡವನ ಲೆಕ್ಕ ಹಾಕಿ ನೋಡಿ. ಕೋಚ್ ಆರು ದಿನ, ದಿನಕ್ಕೆ ಎರಡೂವರೆ ಗಂಟೆ ಅಂದುಕೊಂಡರೆ ಅಲ್ಲೇ 15 ಆಯ್ತು. ನಿಮ್ಮ ಆಟದ ಪೀರಿಯಡ್ ಸೇರಿಸಿ. ಭಾನುವಾರ ಟೂರ್ನಮೆಂಟ್ ಇದ್ದರೆ ಅದನ್ನೂ ಸೇರಿಸಿ. ವಯಸ್ಸು 13. ಸ್ವಂತ ಆಟಕ್ಕೆ ಉಳಿದದ್ದು ಸೊನ್ನೆ.

ಊರಾಚೆ ಶಾಲೆ ಟೀಚರ್

ನಾನೂ ಹಳ್ಳಿ ಶಾಲೆಯ ದೈಹಿಕ ಶಿಕ್ಷಕಿ. ಇದಕ್ಕೆ ಒಂದು ಮಾತು ಸೇರಿಸ್ತೀನಿ: ನಮ್ಮ ಮಕ್ಕಳ ಗಂಟೆ ಮೈದಾನದಲ್ಲೇ ಮುಗಿಯಲ್ಲ. ನಾಲ್ಕು ಕಿಲೋಮೀಟರ್ ನಡೆದು ಬರ್ತಾರೆ, ಅಷ್ಟೇ ನಡೆದು ಹೋಗ್ತಾರೆ, ಕೊಯ್ಲಿನ ಕಾಲದಲ್ಲಿ ಹೊಲದಲ್ಲಿ ಬಗ್ಗಿ ಕೆಲಸ ಮಾಡಿ ಬರ್ತಾರೆ. ಆ ವಾರಗಳಲ್ಲಿ "ಯಾಕೋ ಇವನ ಓಟ ಇಳಿದಿದೆ, ಸೋಮಾರಿ ಆದ" ಅಂತ ಇನ್ನಷ್ಟು ಓಡಿಸಿದರೆ ಕೆಟ್ಟಿತು. ನಾನು ಕೊಯ್ಲಿನ ವಾರಗಳಲ್ಲಿ ಬರೀ ಚೆಂಡಾಟ ಇಡ್ತೀನಿ, ಓಟದ ಅಭ್ಯಾಸ ಇಲ್ಲ.

ಹುಡುಗಿಯರ ವಿಷಯ ಯಾರೂ ಎತ್ತಲಿಲ್ಲ. ಹುಡುಗರದ್ದಕ್ಕೆ ಇದು ಉಲ್ಟಾ. ಬೇಗ ಬೆಳೆದ ಹುಡುಗಿ 11ಕ್ಕೆ ಎಲ್ಲ ಗೆದ್ದು, 13-14ಕ್ಕೆ ಸೊಂಟ, ತೂಕ ಬದಲಾದಾಗ ಜಿಗಿತದಲ್ಲಿ ಅಲ್ಲೇ ನಿಂತುಬಿಡ್ತಾಳೆ. ಆಗ "ಇವಳದ್ದು ಮುಗೀತು" ಅಂದುಬಿಡ್ತಾರೆ. ಮುಗಿದಿರಲ್ಲ, ಹೊಸ ಮೈಯಲ್ಲಿ ಓಡೋದನ್ನ ಮತ್ತೆ ಕಲೀತಿರ್ತಾಳೆ. ಅದೇ ಹೊತ್ತಲ್ಲಿ ಮುಟ್ಟು ಶುರುವಾಗಿರುತ್ತೆ, ಬಟ್ಟೆ ಬದಲಿಸೋಕೆ ಬಾಗಿಲಿರೋ ಕೋಣೆ ಇರಲ್ಲ, ಸರಿಯಾದ ಒಳಉಡುಪು ಇರಲ್ಲ. ನಮ್ಮ ಶಾಲೆಯಲ್ಲಿ ಮೈದಾನ ಬಿಟ್ಟವರಲ್ಲಿ ಅರ್ಧ ಜನ ಬಿಟ್ಟದ್ದು ಆ ಕೋಣೆ ಇಲ್ಲದ್ದಕ್ಕೆ.

ಮೈದಾನದ ಮೇಷ್ಟ್ರು

ಟೀಚರ್, ಕೋಣೆ ಮಾತು ನಿಜ. ನಾಳೆಯೇ ಸ್ಟೋರ್ ರೂಮಿನ ಚಿಲಕ ನೋಡ್ತೀನಿ.

ಹಾಗಾದರೆ ಮೇಡಂ, ನಾನು ಯಾರನ್ನ ಗುರುತಿಸಲಿ, ಹೇಗೆ? ಸಮಯ, ದೂರ ಬಿಟ್ಟರೆ ನನ್ನ ಹತ್ತಿರ ಇನ್ನೇನಿದೆ?

ಟ್ರ್ಯಾಕ್ ಮೇಡಂ

ನಿಮ್ಮ ಮೊದಲ ಪೋಸ್ಟ್‌ನಲ್ಲೇ ಅದಿದೆ. ಚಿಕ್ಕವ ಮೂರು ಹೆಜ್ಜೆಯ ಲಯವನ್ನ ಎರಡನೇ ದಿನದ ಅಭ್ಯಾಸದಲ್ಲೇ ಹಿಡಿದ ಅಂದಿರಿ. ಯಾರೂ ಮುಂಚೆ ಮಾಡಿರದ ಒಂದು ಹೊಸ ಕೆಲಸ ಕೊಟ್ಟು, ಯಾರು ಎಷ್ಟು ಬೇಗ ಕಲೀತಾರೆ ಅಂತ ನೋಡೋದು ಮೈಯ ಗಾತ್ರಕ್ಕೆ ಅಷ್ಟಾಗಿ ಸಿಕ್ಕಿಹಾಕಿಕೊಳ್ಳದ ಪರೀಕ್ಷೆ. ಕಡ್ಡಿಗಳ ನಡುವಿನ ಅಂತರ ಮಾತ್ರ ಅವರವರ ಕಾಲಿಗೆ ತಕ್ಕಂತೆ ಇರಬೇಕು, ಇಲ್ಲದಿದ್ದರೆ ಮತ್ತೆ ಎತ್ತರವನ್ನೇ ಅಳೆದ ಹಾಗಾಗುತ್ತೆ.

ನಾನಾದರೆ ಹೀಗೆ ಮಾಡ್ತೀನಿ. ಒಂದು ಹೊಸ ಕೆಲಸ ಆರಿಸಿ. ಉದಾಹರಣೆಗೆ, ಬಲಗೈಯವರಿಗೆ ಎಡಗೈಯಲ್ಲಿ ಚೆಂಡು ಗುರಿಗೆ ಎಸೆಯೋದು. ಮೊದಲ ದಿನ ಹತ್ತು ಎಸೆತದಲ್ಲಿ ಎಷ್ಟು ತಾಗಿತು ಬರೆದುಕೊಳ್ಳಿ. ಎರಡು ವಾರದಲ್ಲಿ ನಾಲ್ಕು ಪೀರಿಯಡ್ ಅಭ್ಯಾಸ ಮಾಡಿಸಿ. ಆಮೇಲೆ ಒಂದು ವಾರ ಅದನ್ನ ಮುಟ್ಟಲೇಬೇಡಿ. ಮತ್ತೆ ಹತ್ತು ಎಸೆಸಿ. ಕಲಿತಾದ ಮೇಲೆ ಬಿಟ್ಟರೂ ಉಳಿಸಿಕೊಂಡವರು ಯಾರು, ಅದೇ ಇಲ್ಲಿ ಮುಖ್ಯ. ವರ್ಷದಲ್ಲಿ ಮೂರ್ನಾಲ್ಕು ಬೇರೆ ಬೇರೆ ಕೆಲಸ ಹೀಗೆ ನೋಡಿದರೆ ಕೆಲವು ಹೆಸರು ಮತ್ತೆ ಮತ್ತೆ ಮೇಲೆ ಬರುತ್ತೆ. ಯಾರೂ ಹೇಳದೇ ಇದ್ದಾಗಲೂ ಗುಂಡಿ ಹತ್ತಿರ ನಿಂತು ಜಿಗೀತಿರೋರು ಯಾರು ಅಂತಲೂ ಗಮನಿಸಿ. ಇದರಿಂದ ಮುಂದಿನ ಚಾಂಪಿಯನ್ ಸಿಗ್ತಾನೆ ಅಂತ ಯಾರೂ ಭರವಸೆ ಕೊಡೋಕಾಗಲ್ಲ, ಆದರೆ ಬರೀ ಮೊದಲ ಮೂರು ಸ್ಥಾನ ನೋಡಿ ಆರಿಸೋದಕ್ಕಿಂತ ಕಡಿಮೆ ಮಕ್ಕಳು ಕೈತಪ್ಪಿ ಹೋಗ್ತಾರೆ.

ದೊಡ್ಡವನಿಗೂ ನಿಮ್ಮ ಸಮಯ ಬೇಕು, ಬೇರೆ ರೀತಿಯಲ್ಲಿ. ಅವನಿಗೆ ಈವರೆಗೆ ಕೌಶಲ ಬೇಕಾಗಿಲ್ಲ, ಮೈ ಬಲದಲ್ಲೇ ಗೆದ್ದಿದ್ದಾನೆ. ಒಂಬತ್ತು, ಹತ್ತನೇ ತರಗತಿ ಹುಡುಗರ ಜೊತೆ ವಾಲಿಬಾಲ್ ಆಡಿಸಿ, ಅಲ್ಲಿ ಅವನ ಎತ್ತರ ವಿಶೇಷವಲ್ಲ. ಹರ್ಡಲ್ಸ್ ಬಿಡಿಸಬೇಡಿ, ಅಲ್ಲೇ ಅವನಿಗೆ ಕಲಿಯೋಕೆ ಜಾಗ ಇರೋದು. ಚಿಕ್ಕವನನ್ನ ತಂಡದಿಂದ ಬಿಡದೆ ಇಟ್ಟುಕೊಳ್ಳಿ. ವಾರದಲ್ಲಿ ಒಂದು ದಿನ ತರಗತಿ ನೋಡದೆ, ಬೆಳವಣಿಗೆಯಲ್ಲಿ ಹತ್ತಿರ ಇರೋರನ್ನ ಒಟ್ಟಿಗೆ ಹಾಕಿ ಆಡಿಸಿ. ಇಂಗ್ಲೆಂಡಿನ ಫುಟ್‌ಬಾಲ್ ಅಕಾಡೆಮಿಗಳಲ್ಲಿ ಹೀಗೆ ಮಾಡಿ ನೋಡಿದ್ದಾರೆ. ದೊಡ್ಡ ಮೈಯವರು ಅಲ್ಲಿ ಬಲ ನಡೆಯದೆ ಪಾಸ್ ಕೊಡೋಕೆ ಶುರು ಮಾಡ್ತಾರೆ, ಚಿಕ್ಕವರಿಗೆ ಚೆಂಡು ಕಾಲಿಗೆ ಸಿಗುತ್ತೆ.

ನೇರ ಮಾತು

ಕಲಿಯೋ ವೇಗ ನೋಡೋದು ಒಪ್ಪಿದೆ, ಅದು ಒಳ್ಳೇ ಉಪಾಯ. ಆದರೆ ಚಿಕ್ಕವ ಕೊನೆಗೂ ವೇಗವಾಗಿ ಓಡದೇ ಹೋದರೆ? ಲಯ ಹಿಡಿದ ಮಾತ್ರಕ್ಕೆ ಓಟಗಾರ ಆಗಲ್ಲ.

ಟ್ರ್ಯಾಕ್ ಮೇಡಂ

ಆಗದೇ ಇರಬಹುದು. ತಡವಾಗಿ ಬೆಳೆಯೋ ಮಕ್ಕಳೆಲ್ಲ ಮುಂದೆ ಮಿಂಚ್ತಾರೆ ಅನ್ನೋದೂ ಮೂಢನಂಬಿಕೆಯೇ. ಬಾಗಿಲು ಮುಚ್ಚಬೇಡಿ ಅನ್ನೋದಷ್ಟೇ ನನ್ನ ಮಾತು.

ಮೈದಾನದ ಮೇಷ್ಟ್ರು

ಈ ವಾರ ಇನ್ನೊಂದು ಕೆಲಸ ಮಾಡಿದೆ. ನಮ್ಮ ಕಿರಿಯರ ತಂಡದ 12 ಹುಡುಗರ ಹುಟ್ಟಿದ ತಿಂಗಳು ಬರೆದೆ. ವಯೋಮಿತಿಯ ಕಟ್-ಆಫ್ ದಿನಾಂಕದಿಂದ ಎಣಿಸಿದರೆ ಏಳು ಜನ ಮೊದಲ ನಾಲ್ಕು ತಿಂಗಳಲ್ಲಿ ಹುಟ್ಟಿದವರು. ಕೊನೆಯ ನಾಲ್ಕು ತಿಂಗಳಿನವನು ಒಬ್ಬನೇ.

ಲೆಕ್ಕದ ಟೀಚರ್

12 ಜನ ತುಂಬಾ ಕಡಿಮೆ ಮೇಷ್ಟ್ರೇ, ಆಕಸ್ಮಿಕವಾಗಿಯೂ ಹೀಗೆ ಬೀಳಬಹುದು. ಹಿಂದಿನ ವರ್ಷಗಳ ತಂಡಗಳನ್ನೂ ಸೇರಿಸಿ ನೋಡಿ. ಆದರೆ ಈ ವಾಲುವಿಕೆ ಹೊಸದಲ್ಲ, ಕೆನಡಾದ ಐಸ್ ಹಾಕಿಯಲ್ಲಿ 1980ರ ದಶಕದಲ್ಲೇ ತೋರಿಸಿದ್ದಾರೆ. ಹನ್ನೊಂದು ತಿಂಗಳ ಅಂತರ 12ನೇ ವಯಸ್ಸಲ್ಲಿ ಸಣ್ಣದಲ್ಲ. ಇದರ ಮೇಲೆ ಒಂದು ಕಿರಿಕಿರಿ, ಶಾಲೆಯ ದಾಖಲೆಯಲ್ಲಿರೋ ಹುಟ್ಟಿದ ದಿನಾಂಕ ಎಲ್ಲರದ್ದೂ ನಿಜವೇ ಇರುತ್ತೆ ಅಂತಿಲ್ಲ. ಅದಕ್ಕೂ ವರ್ಷದ ಬೆಳವಣಿಗೆಯ ಅಳತೆಯೇ ಹೆಚ್ಚು ನಂಬಿಕೆಯದ್ದು.

ಮೈದಾನದ ಮೇಷ್ಟ್ರು

ಕೋಚ್ ಹತ್ತಿರ ಮಾತಾಡಿದೆ. ವಾರಕ್ಕೆ ಮೂರು ದಿನ ಕಳಿಸ್ತೀನಿ, ವಾಲಿಬಾಲ್ ಬಿಡಿಸಲ್ಲ, 400ರ ಜೊತೆ ಹರ್ಡಲ್ಸ್, ಜಿಗಿತ ಇರಲಿ, ವಾರದಲ್ಲಿ ಒಂದು ದಿನ ಪೂರ್ತಿ ರಜೆ ಅಂದೆ. ವರ್ಷದಲ್ಲಿ ಮೂರು ತಿಂಗಳು, ಬೇಕಾದರೆ ಬಿಡಿ ಬಿಡಿಯಾಗಿ, ಓಟದ ಅಭ್ಯಾಸವೇ ಬೇಡ ಅಂದಾಗ ಅವರ ಮುಖ ಗಂಟಿಕ್ಕಿತು. "ಹಾಗಾದರೆ ರಾಜ್ಯ ಮಟ್ಟದ ಕೂಟಕ್ಕೆ ಇವನನ್ನ ತಯಾರು ಮಾಡೋಕಾಗಲ್ಲ" ಅಂದರು. ಹುಡುಗನ ಅಪ್ಪ ಅವರ ಕಡೆಗೇ ವಾಲ್ತಿದ್ದಾರೆ. ಮೂರು ದಿನಕ್ಕೆ ಒಪ್ಪಿದರು, ಉಳಿದದ್ದು ಕೂಟ ಮುಗಿದ ಮೇಲೆ ನೋಡೋಣ ಅಂತಾಗಿದೆ.

ಸ್ಪೈಕ್ಸ್ ಬಿಚ್ಚಿಟ್ಟವ

ಅಪ್ಪನನ್ನ ದೂರಬೇಡಿ ಮೇಷ್ಟ್ರೇ. ರಾಜ್ಯ ಮಟ್ಟದ ಒಂದು ಸರ್ಟಿಫಿಕೇಟ್ ಆ ಮನೆಗೆ ಏನು ಅಂತ ನನಗೆ ಗೊತ್ತು. ಒಂದು ಮಾತ್ರ ಮಾಡಿ, ಮೊಣಕಾಲ ಕೆಳಗಿನ ಮೂಳೆಯನ್ನ ಬೆರಳಿಂದ ಒತ್ತಿದಾಗ ಒಂದೇ ಚುಕ್ಕೆಯಲ್ಲಿ ನೋವು ಅಂದರೆ ಅವತ್ತೇ ಓಟ ನಿಲ್ಲಿಸಿ. ನನಗೆ ಅದನ್ನ ಯಾರೂ ಹೇಳಿರಲಿಲ್ಲ.

ಫಿಸಿಯೋ

ಇದನ್ನ ಎಲ್ಲ ಮೇಷ್ಟ್ರುಗಳೂ ಬರೆದಿಟ್ಟುಕೊಳ್ಳಿ. ಮೂಳೆಯುದ್ದಕ್ಕೂ ಮಂದವಾಗಿ ನೋಯೋದು ಬೇರೆ, ಒಂದೇ ಬೆರಳಗಲದ ಜಾಗದಲ್ಲಿ ಚುಚ್ಚೋದು ಬೇರೆ. ಎರಡನೆಯದಕ್ಕೆ ಎಕ್ಸ್-ರೇಯಲ್ಲಿ ಮೊದಲ ವಾರಗಳಲ್ಲಿ ಏನೂ ಕಾಣದೇ ಇರಬಹುದು, ಹಾಗಂತ ಓಡಿಸಬೇಡಿ.

ಊರಾಚೆ ಶಾಲೆ ಟೀಚರ್

ಮೇಷ್ಟ್ರೇ, ನೀವು ಎತ್ತರ ಹೇಗೆ ಅಳೀತೀರಿ? ನಮ್ಮಲ್ಲಿ ಸ್ಟ್ಯಾಂಡ್ ಇಲ್ಲ.

ಮೈದಾನದ ಮೇಷ್ಟ್ರು

ನಮ್ಮಲ್ಲೂ ಇಲ್ಲ. ಗೋಡೆಗೆ ಟೇಪ್ ಅಂಟಿಸಿದ್ದೀನಿ. ಬರಿಗಾಲು, ಹಿಮ್ಮಡಿ ಗೋಡೆಗೆ ತಾಗಿರಬೇಕು, ನೋಟ ನೇರ, ತಲೆ ಮೇಲೆ ಗಟ್ಟಿ ರಟ್ಟಿನ ಪುಸ್ತಕ ಇಟ್ಟು ಅದರ ಒಂದು ಅಂಚನ್ನ ಗೋಡೆಗೆ ಒತ್ತಿ ಹಿಡೀತೀನಿ. ಎರಡು ಸಲ ಅಳೆದು ಅರ್ಧ ಸೆಂಟಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಮೂರನೇ ಸಲ.

ಲೆಕ್ಕದ ಟೀಚರ್

ಅಳೆಯೋ ಹೊತ್ತು ಒಂದೇ ಇರಲಿ. ಬೆಳಿಗ್ಗೆಯಿಂದ ಸಂಜೆಗೆ ಎಲ್ಲರೂ ಒಂದು ಸೆಂಟಿಮೀಟರ್‌ನಷ್ಟು ಕುಗ್ಗಿರ್ತಾರೆ. ಒಮ್ಮೆ ಬೆಳಿಗ್ಗೆ, ಇನ್ನೊಮ್ಮೆ ಸಂಜೆ ಅಳೆದರೆ ಮೂರು ತಿಂಗಳ ಬೆಳವಣಿಗೆಯೇ ಮಾಯವಾಗುತ್ತೆ. ಬೆಳಿಗ್ಗೆ ಪ್ರಾರ್ಥನೆ ಮುಗಿದ ತಕ್ಷಣ ಅಂತ ಇಟ್ಟುಕೊಳ್ಳಿ, ನೆನಪಿರುತ್ತೆ.

ಊರಾಚೆ ಶಾಲೆ ಟೀಚರ್

ಸರಿ. ಹುಡುಗಿಯರನ್ನ ಬೇರೆ ಕೋಣೆಯಲ್ಲಿ ಅಳೀತೀನಿ, ತೂಕ ಮಾತ್ರ ಜೋರಾಗಿ ಓದಲ್ಲ. ಆರು ತಿಂಗಳಾದ ಮೇಲೆ ನಮ್ಮ ಶಾಲೆಯ ಅಂಕಿ ಇಲ್ಲೇ ಹಾಕ್ತೀನಿ, ಮೇಡಂ ನೋಡಿ ಹೇಳಲಿ.